ಐದು ಶನಿವಾರ, ಐದು ಬಗೆ: ಸಂಕ್ರಾಂತಿ ತಿಂಗಳ ಅಡುಗೆ ವಿಡಿಯೊ ಪಟ್ಟಿ

ವಾರಕ್ಕೊಂದು ವಿಡಿಯೊ ಹಾಕುವ ಮನೆ ಅಡುಗೆಯ ಯೂಟ್ಯೂಬ್ ಚಾನೆಲ್‌ಗೆ ಒಂದು ತಿಂಗಳ ಪಟ್ಟಿ ಹಾಕಿಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಈ ವಾರ ಏನು ಮಾಡೋಣ’ ಎಂಬುದಲ್ಲ. ನೋಡುವವರು ಆ ಅಡುಗೆಗೆ ಯಾವ ದಿನ ಅಂಗಡಿಗೆ ಹೋಗುತ್ತಾರೆ, ಯಾವ ದಿನ ನೆನೆಹಾಕುತ್ತಾರೆ, ಯಾವ ದಿನ ಒಲೆ ಹಚ್ಚುತ್ತಾರೆ ಎಂಬುದು. ಹಬ್ಬದ ದಿನ ಬೆಳಗ್ಗೆ ಬಂದ ಹಬ್ಬದಡುಗೆಯ ವಿಡಿಯೊ ಯಾರ ಅಡುಗೆಮನೆಗೂ ಮುಟ್ಟುವುದಿಲ್ಲ. ಆ ಹೊತ್ತಿಗೆ ಮನೆಗಳಲ್ಲಿ ಅಡುಗೆ ಆಗಿಹೋಗಿರುತ್ತದೆ. ಹಾಗಾಗಿ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯಬೇಕು. ಊಟದ ದಿನದಿಂದ ಹಿಂದಕ್ಕೆ ಎಣಿಸಿದರೆ ವಿಡಿಯೊ ಹೊರಬರುವ ದಿನ ಸಿಗುತ್ತದೆ, ಅಲ್ಲಿಂದ ಇನ್ನೂ ಹಿಂದಕ್ಕೆ ಎಣಿಸಿದರೆ ಚಿತ್ರೀಕರಣದ ದಿನ ಸಿಗುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ನೋಡಲು 2027ರ ಜನವರಿ ಒಳ್ಳೆಯ ತಿಂಗಳು. ಹಳೇ ಮೈಸೂರು ಕಡೆಯ ಅಡುಗೆ ಮಾಡುವ, ಬೆಂಗಳೂರಿನ ಒಂದು ಮನೆಯ ಚಾನೆಲ್ ಎಂದಿಟ್ಟುಕೊಳ್ಳಬಹುದು. ಅಡುಗೆ ಮಾಡುವವರು ಒಬ್ಬರು, ಫೋನ್ ಹಿಡಿದು ಚಿತ್ರೀಕರಿಸುವವರು ಮನೆಯವರೇ ಇನ್ನೊಬ್ಬರು. ಇಬ್ಬರಿಗೂ ವಾರದ ದಿನಗಳಲ್ಲಿ ಬೇರೆ ಕೆಲಸವಿದೆ. ಹೊಸ ವಿಡಿಯೊ ಶನಿವಾರ ಬೆಳಗ್ಗೆ ಬರುತ್ತದೆ. ಆ ಜನವರಿಯಲ್ಲಿ 2, 9, 16, 23, 30 ಹೀಗೆ ಐದು ಶನಿವಾರಗಳಿವೆ. ಸಂಕ್ರಾಂತಿ ಎರಡನೆಯ ಮತ್ತು ಮೂರನೆಯ ಶನಿವಾರಗಳ ನಡುವೆ ಬೀಳುತ್ತದೆ. ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ ತುಂಬಿರುವ ಕಾಲ. ರಾತ್ರಿ ಚಳಿ ಇರುವುದರಿಂದ ದೋಸೆ ಹಿಟ್ಟು ಹುದುಗದೆ ಸತಾಯಿಸುವ ಕಾಲವೂ ಹೌದು. ಹಬ್ಬ, ಅವರೆ, ಚಳಿ, ಈ ಮೂರರೊಳಗೇ ತಿಂಗಳ ಐದು ವಿಡಿಯೊಗಳಿಗೆ ಬೇಕಾದ ವಿಷಯವಿದೆ.

ಪಟ್ಟಿ ಬರೆಯಲು ದೊಡ್ಡ ಸಾಧನವೇನೂ ಬೇಡ. ಹಾಲಿನ ಲೆಕ್ಕ ಗುರುತು ಹಾಕುವ ಗೋಡೆ ಕ್ಯಾಲೆಂಡರ್ ಸಾಕು, ಏಕೆಂದರೆ ಹಬ್ಬ, ಅಮಾವಾಸ್ಯೆ, ಸರ್ಕಾರಿ ರಜೆ ಅದರಲ್ಲೇ ಅಚ್ಚಾಗಿರುತ್ತವೆ. ಬೇಕಿರುವುದು ಪ್ರತಿ ವಿಡಿಯೊಗೆ ಒಂದಲ್ಲ, ಮೂರು ಗುರುತು: ಹೊರಬರುವ ದಿನ, ಚಿತ್ರೀಕರಣದ ದಿನ, ಸಾಮಾನು ತರುವ ದಿನ. ಬಹುಪಾಲು ಹೊಸ ಚಾನೆಲ್‌ಗಳು ಮೊದಲನೆಯದನ್ನು ಮಾತ್ರ ಬರೆದುಕೊಂಡು, ಉಳಿದೆರಡು ಹೇಗೋ ಆಗುತ್ತದೆ ಎಂದು ಬಿಡುತ್ತವೆ. ಎರಡನೆಯ ವಾರಕ್ಕೇ ಎಡವುವುದು ಅಲ್ಲಿ.

ಹಬ್ಬದಿಂದ ಹಿಂದಕ್ಕೆ ಎಣಿಸುವ ಲೆಕ್ಕ ಎಳ್ಳು-ಬೆಲ್ಲದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಳ್ಳು ಬೀರುವ ಸಂಜೆಗೆ ಅದು ಡಬ್ಬಿಯಲ್ಲಿ ಸಿದ್ಧವಾಗಿರಬೇಕು. ಬಿಳಿ ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿಯುವುದು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಬೇಳೆ ಮಾಡುವುದು ಒಂದು ಗಂಟೆಯ ಕೆಲಸ. ಆದರೆ ಒಣಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣ ಚೂರು ಮಾಡಿ, ಅಚ್ಚುಬೆಲ್ಲವನ್ನೂ ಅದೇ ಅಳತೆಗೆ ಹೆಚ್ಚಿ, ಎರಡನ್ನೂ ಎರಡು ಮೂರು ದಿನ ಬಿಸಿಲಿಗೆ ಒಣಗಿಸುವುದಕ್ಕೆ ಅಡ್ಡದಾರಿ ಇಲ್ಲ. ಒಣಗದಿದ್ದರೆ ಬೆಲ್ಲ ಬೆವರಿ ಮಿಶ್ರಣವೆಲ್ಲ ಅಂಟಂಟಾಗುತ್ತದೆ, ಕೊಬ್ಬರಿಗೆ ಬೇಗ ಕಮಟು ವಾಸನೆ ಬರುತ್ತದೆ. ನೋಡುಗರು ಹಬ್ಬದ ಹಿಂದಿನ ಭಾನುವಾರ, ಅಂದರೆ 10ರಂದು, ಹೆಚ್ಚಲು ಕೂತರೆ ಕಷ್ಟಪಟ್ಟು ಮುಗಿಯುತ್ತದೆ. 9ರಂದು ವಿಡಿಯೊ ನೋಡಿ, ಆಮೇಲೆ ಅಂಗಡಿಗೆ ಹೋಗಿ, 10ಕ್ಕೆ ಹೆಚ್ಚುವುದು ತೀರಾ ಬಿಗಿ. ಆದ್ದರಿಂದ ಎಳ್ಳು-ಬೆಲ್ಲ 2ನೇ ತಾರೀಖಿಗೇ ಬರಬೇಕು.

ಹಾಗಾದರೆ ಚಿತ್ರೀಕರಣ? ಚಾನೆಲ್‌ನವರ ಕೊಬ್ಬರಿಯೂ ಬಿಸಿಲಿನಲ್ಲಿ ಅಷ್ಟೇ ದಿನ ಒಣಗಬೇಕು. ಡಿಸೆಂಬರ್ 24ರ ಗುರುವಾರ ಸಂಜೆ ಹೆಚ್ಚುವುದನ್ನು ಚಿತ್ರೀಕರಿಸಿ, ಕ್ರಿಸ್‌ಮಸ್ ರಜೆಯ ಶುಕ್ರವಾರ ಮತ್ತು ಮರುದಿನ ಶನಿವಾರ ಮಹಡಿಯ ಮೇಲೆ ಒಣಹಾಕಿ, 27ರ ಭಾನುವಾರ ಹುರಿದು ಬೆರೆಸಿದರೆ ಸರಿಹೋಗುತ್ತದೆ. ಸೋಮವಾರದಿಂದ ಬುಧವಾರದವರೆಗೆ ರಾತ್ರಿ ಕತ್ತರಿಸಿ ಜೋಡಿಸುವ ಕೆಲಸ, ಗುರುವಾರ ಅಪ್‌ಲೋಡ್. ಜನವರಿಯ ಪಟ್ಟಿ ಡಿಸೆಂಬರಿನ ನಾಲ್ಕನೆಯ ವಾರದಲ್ಲೇ ಶುರುವಾಗಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಜನವರಿ 1ರಂದು ಕೂತು ಜನವರಿಯ ಪಟ್ಟಿ ಬರೆದವರಿಗೆ ಈ ವಿಡಿಯೊ ಕೈತಪ್ಪಿಹೋಗಿರುತ್ತದೆ. ಇನ್ನು ಬೆಂಗಳೂರಿನ ಡಿಸೆಂಬರಿನಲ್ಲಿ ಎರಡು ದಿನ ಮೋಡ ಕವಿದರೆ ಲೆಕ್ಕ ತಪ್ಪಬಹುದು. ಆಗ ಬೆಲ್ಲ, ಕೊಬ್ಬರಿಯನ್ನು ಫ್ಯಾನ್ ಕೆಳಗೆ ಬಟ್ಟೆಯ ಮೇಲೆ ಹರಡಿ, ಕೊಬ್ಬರಿಯನ್ನು ಕೊನೆಗೆ ಬೆಚ್ಚನೆಯ ಬಾಣಲೆಯಲ್ಲಿ ಒಮ್ಮೆ ಆಡಿಸಿಕೊಳ್ಳುವುದೇ ದಾರಿ. ಅದನ್ನು ಮುಚ್ಚಿಡದೆ ವಿಡಿಯೊದಲ್ಲೇ ತೋರಿಸುವುದು ಒಳ್ಳೆಯದು, ಏಕೆಂದರೆ ನೋಡುಗರ ಮಹಡಿಯ ಮೇಲೂ ಮೋಡವಿರಬಹುದು.

ಈ ವಿಡಿಯೊಗೆ ಒಪ್ಪುವುದು ಎಂಟು ಹತ್ತು ನಿಮಿಷದ, ಭಾಗ ಭಾಗವಾಗಿ ಹೇಳುವ ಪೂರ್ಣ ಪಾಠದ ರೂಪ. ನಾಲ್ಕು ದಿನದ ಕೆಲಸವನ್ನು ನೋಡುಗರು ಒಂದೇ ಸಲ ಕೂತು ನೋಡಿ ಮಾಡುವುದಿಲ್ಲ. ಹೆಚ್ಚುವ ದಿನ ಒಮ್ಮೆ, ಹುರಿಯುವ ದಿನ ಇನ್ನೊಮ್ಮೆ ತೆರೆಯುತ್ತಾರೆ. ಹಾಗಾಗಿ ವಿವರಣೆಯ ಜಾಗದಲ್ಲಿ ಸಮಯ ಬರೆದು ವಿಡಿಯೊವನ್ನು ಅಧ್ಯಾಯಗಳಾಗಿ ಒಡೆಯಬೇಕು. ಯೂಟ್ಯೂಬ್‌ನಲ್ಲಿ ಈ ಅಧ್ಯಾಯಗಳು ಮೂಡಬೇಕಾದರೆ ಪಟ್ಟಿಯ ಮೊದಲ ಸಮಯ 0:00 ಆಗಿರಬೇಕು, ಕನಿಷ್ಠ ಮೂರು ಅಧ್ಯಾಯ ಇರಬೇಕು, ಪ್ರತಿಯೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಸಾಮಾನಿನ ಅಳತೆಯನ್ನು ಮೊದಲ ಅಧ್ಯಾಯದಲ್ಲೇ ಪರದೆಯ ಮೇಲೆ ಬರೆದು ತೋರಿಸಿದರೆ, ಅಂಗಡಿಯಲ್ಲಿ ನಿಂತವರಿಗೂ ಉಪಯೋಗ.

ಎರಡನೆಯ ಶನಿವಾರ, 9ನೇ ತಾರೀಖು, ಹುಗ್ಗಿಯದು. ಅದಕ್ಕೆ ಹಿಂದಿನ ದಿನಗಳ ಸಿದ್ಧತೆ ಬೇಡ, ಅಕ್ಕಿ, ಹೆಸರುಬೇಳೆ, ಬೆಲ್ಲ ಬಹುತೇಕ ಮನೆಯಲ್ಲೇ ಇರುತ್ತವೆ. ಹಬ್ಬಕ್ಕೆ ಐದಾರು ದಿನ ಮುಂಚೆ ಬಂದರೆ ಸಾಕು. ಇಲ್ಲಿ ರೂಪ ಬದಲಾಗುತ್ತದೆ: ಒಂದೇ ಕುಕ್ಕರಿನಿಂದ ಎರಡು ಅಡುಗೆ. ಒಂದು ಲೋಟ ಅಕ್ಕಿ, ಅರ್ಧ ಲೋಟ ಹುರಿದ ಹೆಸರುಬೇಳೆಯನ್ನು ಐದಾರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಎರಡು ಪಾಲು ಮಾಡಿದರೆ, ಒಂದಕ್ಕೆ ಬೆಲ್ಲದ ಪಾಕ, ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ. ಇನ್ನೊಂದಕ್ಕೆ ಮೆಣಸು, ಜೀರಿಗೆ, ಶುಂಠಿ, ಬೇಯಿಸಿದ ಅವರೆಕಾಳು. ಸಿಹಿಯಲ್ಲಿ ಆಗುವ ತಪ್ಪು ಒಂದೇ, ಅಕ್ಕಿ ಪೂರ್ತಿ ಬೇಯುವ ಮೊದಲೇ ಬೆಲ್ಲ ಹಾಕುವುದು. ಬೆಲ್ಲ ಬಿದ್ದ ಮೇಲೆ ಅಕ್ಕಿ ಮೆತ್ತಗಾಗುವುದಿಲ್ಲ, ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಅಗುಳನ್ನು ಬೆರಳಿನಲ್ಲಿ ಹಿಸುಕಿ ತೋರಿಸುವ ಒಂದು ಹತ್ತಿರದ ದೃಶ್ಯ ಈ ವಿಡಿಯೊದ ಪ್ರಾಣ. ಹುಗ್ಗಿ ಆರಿದಂತೆ ಗಟ್ಟಿಯಾಗುತ್ತದೆ ಎಂಬುದನ್ನೂ, ಇಳಿಸುವಾಗ ಎಷ್ಟು ತೆಳ್ಳಗಿರಬೇಕು ಎಂಬುದನ್ನೂ ಬಾಯಲ್ಲಿ ಹೇಳಿದರೆ ಸಾಲದು, ಸೌಟಿನಿಂದ ಬೀಳುವುದನ್ನು ತೋರಿಸಬೇಕು.

ಇದರ ಚಿತ್ರೀಕರಣ ಜನವರಿ 3ರ ಭಾನುವಾರ. ಸಣ್ಣದೊಂದು ತೊಡಕಿದೆ. ಮುಖಚಿತ್ರಕ್ಕೆ ಹುಗ್ಗಿಯ ಪಕ್ಕ ಕಬ್ಬಿನ ಜಲ್ಲೆ ಬೇಕೆನಿಸುತ್ತದೆ, ಆದರೆ ಹಬ್ಬದ ಕಬ್ಬು ಬೀದಿಗೆ ಬರುವುದು ಹಬ್ಬಕ್ಕೆ ಎರಡು ಮೂರು ದಿನ ಇರುವಾಗ. ಮೂರನೇ ತಾರೀಖಿಗೆ ಬೇಕಾದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಒಂದು ಜಲ್ಲೆ ಕೇಳಿ ತರಬೇಕು. ಸಾಮಾನು ತರುವ ದಿನ ಎಂಬ ಮೂರನೆಯ ಗುರುತು ಇಂಥದಕ್ಕೇ.

ಮೂರನೆಯ ಶನಿವಾರ, 16, ಹಬ್ಬದ ಮರುದಿನಗಳದು. ಆ ವಾರ ಚಾನೆಲ್‌ನ ಮನೆಯಲ್ಲೂ ಹಬ್ಬ. ನೆಂಟರು ಬರುತ್ತಾರೆ, ಎಳ್ಳು ಬೀರಲು ಹೋಗಬೇಕು, ಚಿತ್ರೀಕರಣ ಆಗದ ಮಾತು. ನೋಡುಗರಿಗೂ ಇನ್ನೊಂದು ಉದ್ದದ ಪಾಠ ಬೇಡ. ಆದರೆ ಅವರ ಮನೆಯಲ್ಲಿ ಈಗ ಒಂದು ವಸ್ತು ರಾಶಿ ಬಿದ್ದಿದೆ: ಹತ್ತು ಮನೆಗಳಿಂದ ಬಂದ ಎಳ್ಳು-ಬೆಲ್ಲದ ಪೊಟ್ಟಣಗಳು. ಅದನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತರಿತರಿಯಾಗಿ ಪುಡಿ ಮಾಡಿದರೆ ಎಳ್ಳು, ಕಡಲೆಕಾಯಿ, ಕೊಬ್ಬರಿಯ ಎಣ್ಣೆಯೇ ಅದನ್ನು ಹಿಡಿದಿಡುತ್ತದೆ, ಅಂಗೈಯಲ್ಲಿ ಒತ್ತಿದರೆ ಉಂಡೆ. ಮಿಕ್ಸಿಯನ್ನು ನಿಲ್ಲಿಸದೆ ತಿರುಗಿಸಿದರೆ ಎಣ್ಣೆ ಬೇರೆಯಾಗಿ ಮುದ್ದೆಯಾಗುತ್ತದೆ, ಅಷ್ಟೇ ಎಚ್ಚರ.

ಮಾತು ಬೇಡದ, ಬರೀ ಕೈಗಳು ಕಾಣುವ, ಎರಡು ನಿಮಿಷದ ವಿಡಿಯೊಗೆ ಇದು ಹೇಳಿ ಮಾಡಿಸಿದಂತಿದೆ. ಯೂಟ್ಯೂಬ್ ಶಾರ್ಟ್ಸ್ ಮೊದಲು 60 ಸೆಕೆಂಡಿಗೆ ಸೀಮಿತವಾಗಿತ್ತು; 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಅವಕಾಶವಿದೆ. ಫೋನನ್ನು ಉದ್ದಕ್ಕೆ ನಿಲ್ಲಿಸಿ ಚಿತ್ರೀಕರಿಸಬೇಕು. ಅಡ್ಡಕ್ಕೆ ತೆಗೆದದ್ದನ್ನು ಆಮೇಲೆ ಕತ್ತರಿಸಿ ಉದ್ದಕ್ಕೆ ಕೂರಿಸಿದರೆ ಪಾತ್ರೆಯ ಅರ್ಧ ಹೊರಗುಳಿಯುತ್ತದೆ. ಇದನ್ನು ಡಿಸೆಂಬರ್ 27ರಂದೇ ಮುಗಿಸಿಡಬಹುದು. ಎಳ್ಳು-ಬೆಲ್ಲ ಆಗತಾನೆ ಬೆರೆಸಿ ಮೇಜಿನ ಮೇಲಿರುತ್ತದೆ, ಇನ್ನೊಂದು ಅರ್ಧ ಗಂಟೆ ಕೊಟ್ಟರೆ ಸಾಕು. ಹಬ್ಬದ ವಾರದ ವಿಡಿಯೊ ಮೂರು ವಾರ ಮುಂಚೆಯೇ ಸಿದ್ಧ. ಅದನ್ನು ಖಾಸಗಿಯಾಗಿ ಅಪ್‌ಲೋಡ್ ಮಾಡಿ 16ರ ಬೆಳಗಿನ ಗಂಟೆ ಗೊತ್ತುಮಾಡಿದರೆ ಅದು ತಾನಾಗಿಯೇ ಹೊರಬರುತ್ತದೆ. ಬೇರೆ ಬೇರೆ ರೂಪಗಳನ್ನು ಬೆರೆಸುವುದರ ದೊಡ್ಡ ಲಾಭ ನೋಡುಗರಿಗಿಂತ ಅಡುಗೆಯವರಿಗೇ. ಐದು ವಾರವೂ ಹತ್ತು ನಿಮಿಷದ ಪಾಠವನ್ನೇ ಹಿಡಿದರೆ ಐದು ಭಾನುವಾರ, ಹದಿನೈದು ರಾತ್ರಿ ಹೋಗುತ್ತವೆ. ಎರಡು ವರ್ಷ ಚೆನ್ನಾಗಿ ನಡೆದ ಚಾನೆಲ್ ಕೂಡ ಆ ಆಯಾಸದಲ್ಲೇ ನಿಂತುಹೋಗಬಹುದು.

ನಾಲ್ಕನೆಯ ಶನಿವಾರ, 23, ಪರೀಕ್ಷೆಯ ವಿಡಿಯೊ: ಚಳಿಗಾಲದಲ್ಲಿ ದೋಸೆ ಹಿಟ್ಟು ಏಕೆ ಉಬ್ಬುವುದಿಲ್ಲ? ಇದು ಅಡುಗೆ ಕಲಿಸುವುದಕ್ಕಿಂತ ಕಾರಣ ತೋರಿಸುವ ರೂಪ. ಅಕ್ಕಿ, ಉದ್ದಿನಬೇಳೆಯಲ್ಲಿರುವ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿ ಬೆಳೆದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ, ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಡುತ್ತದೆ. ಸುಮಾರು 30 ಡಿಗ್ರಿಯ ಸೆಖೆಯಲ್ಲಿ ಚುರುಕಾಗಿರುವ ಅವು ಜನವರಿಯ ಚಳಿ ರಾತ್ರಿಯಲ್ಲಿ ನಿಧಾನವಾಗುತ್ತವೆ. ಬೇಸಿಗೆಯಲ್ಲಿ ರಾತ್ರಿ ರುಬ್ಬಿದ್ದು ಬೆಳಗ್ಗೆಗೆ ಉಕ್ಕಿ ಚೆಲ್ಲುತ್ತದೆ, ಚಳಿಯಲ್ಲಿ ಮಧ್ಯಾಹ್ನದವರೆಗೆ ಕಾಯಬೇಕಾಗುತ್ತದೆ. ಒಂದೇ ಹಿಟ್ಟನ್ನು ಮೂರು ಗಾಜಿನ ಭರಣಿಗಳಿಗೆ ಸಮನಾಗಿ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಒಂದನ್ನು ಅಡುಗೆ ಕಟ್ಟೆಯ ಮೇಲೆ, ಒಂದನ್ನು ಕಂಬಳಿ ಸುತ್ತಿ, ಇನ್ನೊಂದನ್ನು ಒಳದೀಪ ಹಚ್ಚಿದ ಓವನ್ನಿನಲ್ಲಿ ಇಟ್ಟರೆ ಬೆಳಗ್ಗೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹಿಟ್ಟು ಎಷ್ಟು ಏರಿತೆಂದು ಹೊರಗಿನಿಂದ ಕಾಣುವುದಿಲ್ಲ.

ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ, ಇರುವ ಶಾಖವನ್ನು ಹಿಡಿದಿಡುತ್ತದೆ ಅಷ್ಟೇ. ಹಿಟ್ಟು ತಣ್ಣಗಿದ್ದರೆ ಕಂಬಳಿಯೊಳಗೂ ತಣ್ಣಗೇ ಇರುತ್ತದೆ. ಮನೆಮನೆಯಲ್ಲಿ ನಡೆಯುವ ತಪ್ಪು ಇದು. ರುಬ್ಬುವಾಗ ಉಗುರುಬೆಚ್ಚಗಿನ ನೀರು ಹಾಕಿದ್ದರೆ ಮಾತ್ರ ಕಂಬಳಿಗೆ ಅರ್ಥ. ಇಂಥ ವಿಷಯ ಹೇಳಲು ಪರೀಕ್ಷೆಯ ರೂಪವೇ ಬೇಕು, ಸಾಮಾನ್ಯ ಪಾಠದಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ.

ಆದರೆ ಪರೀಕ್ಷೆ ಹೇಳಿದ ಮಾತು ಕೇಳುತ್ತದೆಂಬ ಖಾತ್ರಿ ಇಲ್ಲ. ಆ ರಾತ್ರಿ ಚಳಿ ಕಡಿಮೆಯಾಗಿ ಮೂರೂ ಭರಣಿ ಒಂದೇ ಮಟ್ಟಕ್ಕೆ ಬಂದರೆ ತೋರಿಸಲು ಏನೂ ಉಳಿಯದು. ಆದ್ದರಿಂದ ಎರಡು ದಿನ ಮೀಸಲಿಡಬೇಕು. 10ರ ಭಾನುವಾರ ಕ್ಯಾಮೆರಾ ಇಲ್ಲದೆ ಒಂದು ಸಲ ಮಾಡಿ ನೋಡುವುದು, 16ರ ಸಂಜೆ ರುಬ್ಬಿ 17ರ ಬೆಳಗ್ಗೆ ಚಿತ್ರೀಕರಿಸುವುದು. ರಾತ್ರಿಯಿಡೀ ಫೋನ್ ಇಟ್ಟು ಹಿಟ್ಟು ಏರುವುದನ್ನು ವೇಗವಾಗಿ ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಬೇಕಾದ ದೀಪದ ಬಿಸಿ ಕಟ್ಟೆಯ ಮೇಲಿನ ಭರಣಿಗೂ ತಗುಲಿ ಪರೀಕ್ಷೆಯೇ ಕೆಡಬಹುದು. ಮಲಗುವ ಮುನ್ನ ಒಂದು, ಬೆಳಗ್ಗೆ ಒಂದು, ಒಂಬತ್ತು ಗಂಟೆಗೆ ಮತ್ತೊಂದು ಚಿತ್ರ ತೆಗೆದರೆ ಸಾಕು. 17ರಂದೂ ಕೆಟ್ಟರೆ? ಅದಕ್ಕೆಂದೇ ಡಿಸೆಂಬರಿನಲ್ಲಿ ಒಂದು ವಿಡಿಯೊ ಮಾಡಿ ಎತ್ತಿಟ್ಟಿರಬೇಕು. ತಿಳಿಸಾರು, ಮಜ್ಜಿಗೆಹುಳಿಯಂಥ ಯಾವ ಕಾಲಕ್ಕೂ ಸಲ್ಲುವ ಅಡುಗೆ. ಅದರಲ್ಲಿ ‘ಈ ಚಳಿಯಲ್ಲಿ’, ‘ಹಬ್ಬದ ಶುಭಾಶಯ’ ಎಂಬ ಮಾತು ಒಂದೂ ಇರಬಾರದು. ಒಂದು ಮಾತು ಸೇರಿದರೂ ಬೇರೆ ತಿಂಗಳಿನಲ್ಲಿ ಹಾಕಲು ಬಾರದು.

ಐದನೆಯ ಶನಿವಾರ, 30, ಹಿತಕಿದ ಬೇಳೆ ಸಾರಿನ ನೇರಪ್ರಸಾರಕ್ಕೆ. ರಾತ್ರಿ ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಬೆರಳ ನಡುವೆ ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸುವುದು ತಾಳ್ಮೆಯ ಕೆಲಸ. ಕತ್ತರಿಸಿ ಜೋಡಿಸಿದ ವಿಡಿಯೊದಲ್ಲಿ ಅದು ಹತ್ತು ಸೆಕೆಂಡಾಗಿ ಮಾಯವಾಗುತ್ತದೆ. ನೇರಪ್ರಸಾರದಲ್ಲಿ ಅದೇ ಅರ್ಧ ಗಂಟೆ ಮಾತಿಗೆ ಅವಕಾಶ. ಮನೆಯಲ್ಲಿ ನಾಲ್ಕು ಜನ ಸುತ್ತ ಕೂತು ಹರಟುತ್ತಾ ಹಿತುಕುವುದು ಈ ಕೆಲಸದ ಹಳೆಯ ರೀತಿಯೇ. ನೋಡುಗರು ಕೇಳುತ್ತಾರೆ, ಅಡುಗೆಯವರು ಕೈ ನಿಲ್ಲಿಸದೆ ಉತ್ತರಿಸುತ್ತಾರೆ. ಹುಗ್ಗಿ ಏಕೆ ಗಟ್ಟಿಯಾಯಿತು, ಬೆಲ್ಲ ಏಕೆ ಬೆವರಿತು ಎಂದು ತಿಂಗಳಿಡೀ ಬಂದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಂಡರೆ ಮಾತು ಬತ್ತುವುದಿಲ್ಲ.

ಇಲ್ಲೂ ಹಿಂದಕ್ಕೆ ಎಣಿಸುವ ಲೆಕ್ಕ ಬರುತ್ತದೆ. ಜೊತೆಗೆ ಕೂತು ಮಾಡುವ ಆಸೆಯುಳ್ಳವರು ಶುಕ್ರವಾರ ರಾತ್ರಿ ಕಾಳು ನೆನೆಹಾಕಿರಬೇಕು, ಅಂದರೆ ಶುಕ್ರವಾರ ಸಂಜೆಯೊಳಗೆ ತಂದಿರಬೇಕು. ಹಾಗಾಗಿ 28ರ ಗುರುವಾರವೇ ‘ಅರ್ಧ ಕೆಜಿ ಅವರೆಕಾಳು ತನ್ನಿ, ಶುಕ್ರವಾರ ರಾತ್ರಿ ನೆನೆಸಿ’ ಎಂಬ ಎರಡು ಸಾಲಿನ ಪ್ರಕಟಣೆ ಚಾನೆಲ್‌ನಲ್ಲಿ ಬಂದಿರಬೇಕು. ಮೊದಲ ಸಲ ನೇರಪ್ರಸಾರ ಮಾಡುವ ಚಾನೆಲ್‌ಗೆ ಯೂಟ್ಯೂಬ್‌ನಲ್ಲಿ ಅದರ ಅನುಮತಿ ಸಿಗಲು 24 ಗಂಟೆಯವರೆಗೆ ಹಿಡಿಯಬಹುದು. ಶನಿವಾರ ಬೆಳಗ್ಗೆ ಗುಂಡಿ ಒತ್ತಿ ಆಗಲಿಲ್ಲ ಎಂದು ಕೂರುವುದಕ್ಕಿಂತ ತಿಂಗಳ ಮೊದಲ ವಾರದಲ್ಲೇ ಅದನ್ನು ತೆರೆದಿಟ್ಟುಕೊಳ್ಳಬೇಕು. ಹಿತುಕಿದ ಬೇಳೆ ಒಂದು ಬಟ್ಟಲು ಮೊದಲೇ ಸಿದ್ಧವಿದ್ದರೆ, ಮಾತಿನಲ್ಲಿ ಹೊತ್ತು ಹೋದರೂ ಮುಕ್ಕಾಲು ಗಂಟೆಯಲ್ಲಿ ಸಾರು ಕುದಿಯುವವರೆಗೆ ಬರಬಹುದು. ಜನವರಿಯ ಕೊನೆಗೆ ಅವರೆ ಬಲಿಯತೊಡಗಿರುತ್ತದೆ. ಬಲಿತ ಕಾಳಿನ ಸಿಪ್ಪೆ ದಪ್ಪ, ಹೆಚ್ಚು ಹೊತ್ತು ನೆನೆಯಬೇಕು. ಶುಕ್ರವಾರ ತಂದ ಕಾಳು ನೋಡಿ ನೆನೆಸುವ ಹೊತ್ತನ್ನು ಹೆಚ್ಚಿಸಿಕೊಳ್ಳಬೇಕು.

ಉತ್ತರ ಕರ್ನಾಟಕದ ಅಡುಗೆ ಮಾಡುವ ಚಾನೆಲ್‌ಗೆ ಈ ಪಟ್ಟಿ ಹೀಗೇ ಹೊಂದುವುದಿಲ್ಲ. ಅಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬೇಕು. ಎಳ್ಳ ಅಮಾವಾಸ್ಯೆ ಕೆಲವು ವರ್ಷ ಡಿಸೆಂಬರಿನಲ್ಲಿ, ಕೆಲವು ವರ್ಷ ಜನವರಿಯಲ್ಲಿ ಬರುತ್ತದೆ. ಅದರ ಭಜ್ಜಿ, ಕಡಬಿಗೆ ಹೊಲಕ್ಕೆ ಹೋಗುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಹೋದ ವರ್ಷದ ಪಟ್ಟಿಯನ್ನು ತಾರೀಖು ತಿದ್ದಿ ಬಳಸಿದರೆ ಅಮಾವಾಸ್ಯೆ ಕೈಕೊಡುತ್ತದೆ.

ತಿಂಗಳ ಕೊನೆಗೆ ಯೂಟ್ಯೂಬ್ ಸ್ಟುಡಿಯೊದ ಅಂಕಿಗಳನ್ನು ನೋಡುವಾಗ ಐದೂ ವಿಡಿಯೊಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ಎರಡು ನಿಮಿಷದ ಉಂಡೆ ವಿಡಿಯೊ ಎಷ್ಟೋ ಜನರ ಪರದೆಯ ಮೇಲೆ ಹಾದುಹೋಗುತ್ತದೆ. ಅದರ ಎಣಿಕೆಯನ್ನು ಹುಗ್ಗಿಯ ಎಣಿಕೆಯ ಪಕ್ಕ ಇಟ್ಟರೆ, ಇನ್ನು ಮುಂದೆ ಬರೀ ಉಂಡೆಯೇ ಮಾಡಬೇಕೆಂಬ ತಪ್ಪು ನಿರ್ಧಾರ ಬರುತ್ತದೆ. ಉದ್ದದ ವಿಡಿಯೊವನ್ನು ಉದ್ದದ ವಿಡಿಯೊ ಜೊತೆ ಮಾತ್ರ ಹೋಲಿಸಬೇಕು. ನೋಡುಗರು ಎಲ್ಲಿಯವರೆಗೆ ಉಳಿದರು ಎಂದು ತೋರಿಸುವ ಗೆರೆಯಲ್ಲಿ ಎರಡು ಜಾಗ ಮುಖ್ಯ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಕಡಿದಾಗಿ ಕುಸಿದರೆ ನಮಸ್ಕಾರ, ಪೀಠಿಕೆ ಉದ್ದವಾಗಿದೆ. ನಡುವೆ ಎಲ್ಲೋ ಗೆರೆ ಮೇಲೆದ್ದರೆ ಜನ ಆ ಜಾಗವನ್ನು ಮತ್ತೆ ಮತ್ತೆ ನೋಡಿದ್ದಾರೆ. ಹುಗ್ಗಿಯಲ್ಲಿ ನೀರಿನ ಅಳತೆ ಹೇಳಿದ ಕಡೆ ಹಾಗಾಗಿದ್ದರೆ, ಆ ಅಳತೆ ಬಾಯಲ್ಲಿ ಮಾತ್ರ ಬಂದಿದೆ, ಪರದೆಯ ಮೇಲೆ ಬರೆದಿಲ್ಲ ಎಂದು ಊಹಿಸಬಹುದು.

ಕಾಯುವ ಅವಧಿಯೂ ಬೇರೆ ಬೇರೆ. ಎಳ್ಳು-ಬೆಲ್ಲದ ವಿಡಿಯೊದ ಹಣೆಬರಹ ಸಂಕ್ರಾಂತಿಯ ದಿನಕ್ಕೆ ತಿಳಿದುಹೋಗುತ್ತದೆ. ಆಮೇಲೆ ಅದು ಮಲಗಿ, ಮುಂದಿನ ಡಿಸೆಂಬರಿನ ಕೊನೆಗೆ ಹುಡುಕುವವರ ಕಣ್ಣಿಗೆ ಮತ್ತೆ ಬೀಳುತ್ತದೆ. ಆದ್ದರಿಂದ ಅದರ ಹೆಸರಿನಲ್ಲಿ 2027 ಎಂಬ ಇಸವಿ ಬೇಡ. ದೋಸೆ ಹಿಟ್ಟಿನ ವಿಡಿಯೊ ನಿಧಾನ. ಫೆಬ್ರುವರಿಯ ಚಳಿ ಕಳೆಯುವವರೆಗೆ ಅದಕ್ಕೆ ಸಮಯ ಕೊಡಬೇಕು. ಮುಕ್ಕಾಲು ಗಂಟೆಯ ನೇರಪ್ರಸಾರ ಮುಗಿದ ಮೇಲೆ ಅದೇ ಚಾನೆಲ್‌ನಲ್ಲಿ ವಿಡಿಯೊ ಆಗಿ ಉಳಿಯುತ್ತದೆ. ಶುರುವಿನಲ್ಲಿ ‘ಕೇಳಿಸ್ತಾ ಇದೆಯಾ’ ಎನ್ನುತ್ತಾ ಕಳೆದ ನಿಮಿಷಗಳನ್ನು ಸ್ಟುಡಿಯೊದಲ್ಲೇ ಕತ್ತರಿಸಿ, ಹಿತುಕುವುದು, ಮಸಾಲೆ ರುಬ್ಬುವುದು, ಒಗ್ಗರಣೆ ಎಂದು ಅಧ್ಯಾಯಗಳ ಸಮಯ ಬರೆದರೆ, ಅಂದು ಬರಲಾಗದವರಿಗೆ ಅದೇ ಪಾಠವಾಗುತ್ತದೆ. ಆ ಕೆಲಸಕ್ಕೆ 31ರ ಭಾನುವಾರ ಬೆಳಗ್ಗೆ ಒಂದು ಗಂಟೆ ಸಾಕು. ಅದೇ ದಿನ ಮಧ್ಯಾಹ್ನ, ಫೆಬ್ರುವರಿ 6ರ ಶನಿವಾರದ ಅಡುಗೆಯ ಚಿತ್ರೀಕರಣ ಪಟ್ಟಿಯಲ್ಲಿದೆ.